ಮ್ಯಾನ್ಯುವಲ್‌ಗೆ ಹಾಕುವ ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿ: ಹೊಸ ಬಾಡಿಗೆದಾರರಿಗೆ ಬರೆದ ನೀರಿನ ಚೀಟಿಯ ಪ್ರಕರಣ

ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಕೆಳಗೆ ವಾಹನ ನಿಲ್ಲಿಸುವ ಜಾಗ, ಮೇಲೆ ಎರಡು ಮನೆ, ಎರಡೂ ಬಾಡಿಗೆಗೆ. ಒಟ್ಟು ಎಂಟು ಜನ. ಮಾಲೀಕರು ಬೇರೆ ಬಡಾವಣೆಯಲ್ಲಿ ಇರುವುದರಿಂದ ಮೋಟಾರಿನ ಉಸ್ತುವಾರಿ ಮೊದಲ ಮಹಡಿಯವರದ್ದು. ಹಳೆಯ ಬಾಡಿಗೆದಾರರು ಖಾಲಿ ಮಾಡುವಾಗ ಸ್ಟಾರ್ಟರ್ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿ ಹೋಗಿದ್ದರು: "ಮೋಟಾರ್ ಆಟೋದಲ್ಲಿದೆ. ನೀರು ಬರದಿದ್ದರೆ ಮ್ಯಾನ್ಯುವಲ್‌ಗೆ ಹಾಕಿ. ವಾಲ್ವ್ ಎಲ್ಲ ಟೆರೇಸ್ ಮೇಲಿವೆ."

ಇದರಲ್ಲಿ ಸುಳ್ಳಿಲ್ಲ. ಆದರೂ ಇದನ್ನು ಓದಿದವರು ಪಾಲಿಸಿದ್ದರಿಂದಲೇ ಪಂಪ್ ಸುಟ್ಟಿತು, ಅಡುಗೆಮನೆಗೆ ಬೋರ್ ನೀರು ಬಂತು, ಕಾವೇರಿ ನೀರು ಕಮೋಡಿಗೆ ಹರಿದುಹೋಯಿತು.

ಮೊದಲು ನೀರು ಸಾಗುವ ದಾರಿ ನೋಡೋಣ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬೀದಿ ಪೈಪಿನಿಂದ ಮೀಟರ್, ಮೀಟರ್ ಪಕ್ಕ ಚಕ್ರವಿರುವ ಗೇಟ್ ವಾಲ್ವ್, ಅಲ್ಲಿಂದ ಸಂಪು. ಸಂಪಿನ ಬಾಯಲ್ಲಿ ತೇಲುವ ಚೆಂಡಿನ ವಾಲ್ವ್ ಇದೆ. ನೀರು ಮೇಲೆ ಬಂದಂತೆ ಅದೇ ಮುಚ್ಚಿಕೊಳ್ಳುತ್ತದೆ. ಸಂಪಿನ ಪಕ್ಕದಲ್ಲಿ ಒಂದು ಎಚ್‌ಪಿಯ ಮೋನೋಬ್ಲಾಕ್ ಪಂಪ್ ಕೂತಿದೆ. ಅದರ ಹೀರುವ ಪೈಪಿನ ತುದಿಯಲ್ಲಿ, ಸಂಪಿನ ತಳದಿಂದ 30 ಸೆಂಟಿಮೀಟರ್ ಮೇಲೆ, ಫುಟ್ ವಾಲ್ವ್. ಪಂಪಿನಿಂದ ನೀರು ಟೆರೇಸಿನ ಒಂದನೇ ಟ್ಯಾಂಕಿಗೆ ಹೋಗುತ್ತದೆ, ಅಲ್ಲಿಂದ ಎರಡೂ ಮನೆಯ ಅಡುಗೆಮನೆಗೂ ಸ್ನಾನಕ್ಕೂ. ಬೋರ್‌ವೆಲ್ ನೀರಿನದು ಬೇರೆಯೇ ದಾರಿ: ಅದರ ಸಬ್‌ಮರ್ಸಿಬಲ್ ನೇರವಾಗಿ ಎರಡನೇ ಟ್ಯಾಂಕಿಗೆ ಎತ್ತುತ್ತದೆ, ಆ ನೀರು ಫ್ಲಶ್, ವಾಷಿಂಗ್ ಮಷಿನ್ ಮತ್ತು ಅಂಗಳದ ನಲ್ಲಿಗೆ. ಬೋರ್ ಮೋಟಾರಿಗೆ ಆಟೋ ಇಲ್ಲ, ಕೈಯಲ್ಲೇ ಹಾಕಿ ಆರಿಸಬೇಕು. ಎರಡು ಟ್ಯಾಂಕೂ ತಲಾ 1,000 ಲೀಟರ್, ಒಂದೇ ಕಟ್ಟೆಯ ಮೇಲೆ ಅಕ್ಕಪಕ್ಕ ಇವೆ. ಇವೆರಡರ ತಳದ ಪೈಪುಗಳನ್ನು ಜೋಡಿಸುವ ಒಂದು ಬಾಲ್ ವಾಲ್ವ್ ಇದೆ, ಯಾವುದೋ ಒಂದು ನೀರು ಪೂರ್ತಿ ನಿಂತ ದಿನಕ್ಕೆಂದು ಇಟ್ಟದ್ದು. ಮುಂದೆ ಇದನ್ನು ಜೋಡು ವಾಲ್ವ್ ಎಂದೇ ಕರೆಯೋಣ.

ಹೊಸಬರು ಬರುವ ಮುಂಚೆ ಸಂಪು ತೊಳೆಸಿದ್ದರು. ತೊಳೆಯಲು ಬಂದವರು ಮೀಟರ್ ಪಕ್ಕದ ಗೇಟ್ ವಾಲ್ವ್ ಮುಚ್ಚಿದರು. ಹಾಗೆ ಮುಚ್ಚಲೇಬೇಕು, ತಪ್ಪಲ್ಲ. ಕೆಲಸ ಮುಗಿದ ಮೇಲೆ ತೆರೆಯಲು ಮರೆತರು. ಅದೇ ದಿನ 4,000 ಲೀಟರಿನ ಟ್ಯಾಂಕರ್ ನೀರು ಬಿಡಿಸಿದ್ದರಿಂದ ಮರೆವು ಯಾರ ಕಣ್ಣಿಗೂ ಬೀಳಲಿಲ್ಲ. ನಾಲ್ಕು ದಿನ ಎಲ್ಲ ಸರಿಯಿತ್ತು. ಐದನೇ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ, ಮೋಟಾರ್ ತಾನಾಗಿ ಹೊರಡುತ್ತಿಲ್ಲ. ಚೀಟಿಯಲ್ಲಿ ಬರೆದಂತೆ ಮ್ಯಾನ್ಯುವಲ್‌ಗೆ ಹಾಕಿದರು. ಮೋಟಾರ್ ಸದ್ದು ಮಾಡುತ್ತ ತಿರುಗಿತು. ಟ್ಯಾಂಕ್ ತುಂಬಲೆಂದು ನಲವತ್ತು ನಿಮಿಷ ಬಿಟ್ಟರು. ಮುಟ್ಟಿ ನೋಡಿದರೆ ಪಂಪಿನ ಮೂತಿ ಕೈ ಸುಡುವಷ್ಟು ಬಿಸಿ.

ಆಟೋ ಡಬ್ಬ ಕೆಟ್ಟಿರಲಿಲ್ಲ. ಸಂಪಿನೊಳಗೆ ಇಳಿಬಿಟ್ಟ ಎರಡು ಸ್ಟೀಲ್ ಕಡ್ಡಿಗಳಿಗೆ ನೀರು ತಾಗದಿದ್ದಾಗ ಮೋಟಾರ್ ಹೊರಡಿಸಬಾರದು, ಅದು ಹೊರಡಿಸಲಿಲ್ಲ. ಮ್ಯಾನ್ಯುವಲ್ ಗುಂಡಿ ಮಾಡುವ ಕೆಲಸ ಒಂದೇ: ಆ ಕಡ್ಡಿಗಳ ಮಾತನ್ನು ಕೇಳದೆ ನೇರವಾಗಿ ಕರೆಂಟ್ ಕೊಡುವುದು. ಕೆಳಗೆ ನೀರಿಲ್ಲದಿದ್ದರೂ ಓಡುತ್ತದೆ, ಮೇಲೆ ತುಂಬಿ ಸುರಿದರೂ ನಿಲ್ಲುವುದಿಲ್ಲ. ಪಂಪಿನ ಶಾಫ್ಟ್ ಹೊರಬರುವ ಕಡೆ ಕಾರ್ಬನ್ ಮತ್ತು ಸೆರಾಮಿಕ್ ಬಿಲ್ಲೆಗಳು ಒಂದಕ್ಕೊಂದು ಒತ್ತಿ ತಿರುಗುವ ಮೆಕ್ಯಾನಿಕಲ್ ಸೀಲ್ ಇರುತ್ತದೆ. ಅದನ್ನು ತಂಪಾಗಿಡುವುದು ಪಂಪಿನೊಳಗಿನ ನೀರೇ. ನೀರಿಲ್ಲದೆ ಓಡಿದರೆ ಮೊದಲು ಸಾಯುವುದು ಈ ಸೀಲ್. ಆಮೇಲೆ ನೀರು ಬಂದರೂ ಪಂಪಿಗೂ ಮೋಟಾರಿಗೂ ನಡುವಿನಿಂದ ತೊಟ್ಟಿಕ್ಕುತ್ತ ಇರುತ್ತದೆ, ಬಿಟ್ಟರೆ ಆ ನೀರು ಬೇರಿಂಗಿಗೆ ಹೋಗುತ್ತದೆ.

ಇದನ್ನು ಸ್ಟಾರ್ಟರ್ ಡಬ್ಬದ ಮುಳ್ಳು ಮೊದಲ ನಿಮಿಷದಲ್ಲೇ ಹೇಳಿತ್ತು. ಈ ಪಂಪ್ ನೀರೆತ್ತುವಾಗ ಆಂಪಿಯರ್ ಮುಳ್ಳು 6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂದು ಅದು ಮೂರೂವರೆಯಲ್ಲಿತ್ತು. ಕಡಿಮೆ ಕರೆಂಟ್ ಎಳೆಯುತ್ತಿದೆ ಎಂದರೆ ಮೋಟಾರ್ ಸುಖವಾಗಿದೆ ಎಂದು ಅನೇಕರು ತಿಳಿಯುತ್ತಾರೆ. ಇಂಥ ಪಂಪಿನಲ್ಲಿ ಅದರ ಅರ್ಥ ಎತ್ತಲು ನೀರೇ ಇಲ್ಲ ಎಂದು. ಮುಳ್ಳು ಕೊನೆಗೆ ಹೋಗಿ ಹೊಡೆದುಕೊಂಡು ಮೋಟಾರ್ ಬರೀ ಗುಂಯ್‌ಗುಟ್ಟಿದರೆ ಅದು ಬೇರೆ ಕಾಯಿಲೆ: ಕೆಪಾಸಿಟರ್ ಹೋಗಿರಬೇಕು, ಇಲ್ಲವೇ ಶಾಫ್ಟ್ ಹಿಡಿದಿರಬೇಕು. ಆಗ ಎರಡು ಮೂರು ಸೆಕೆಂಡಿನೊಳಗೆ ಆರಿಸಬೇಕು. ಮತ್ತೆ ಮತ್ತೆ ಗುಂಡಿ ಒತ್ತಿ ನೋಡಿದರೆ ಕಾಯಿಲ್ ಸುಡುತ್ತದೆ.

ಪಂಪ್ ರಿಪೇರಿಗೆ ಹೋದ ದಿನ ಎರಡನೇ ಮಹಡಿಯವರು ಟೆರೇಸಿಗೆ ಹೋಗಿ ಜೋಡು ವಾಲ್ವ್ ತೆರೆದರು. ಬೋರ್ ನೀರು ಎರಡೂ ಟ್ಯಾಂಕಿಗೆ ಹರಿದು ಮನೆಗಳಿಗೆ ನೀರು ಬಂತು. ಬುದ್ಧಿವಂತಿಕೆಯ ಕೆಲಸವೇ. ಎರಡು ದಿನದ ಮೇಲೆ ಹೊಸ ಸೀಲ್ ಹಾಕಿದ ಪಂಪ್ ಬಂತು, ಪ್ಲಂಬರ್ ಗೇಟ್ ವಾಲ್ವ್ ಮುಚ್ಚಿರುವುದನ್ನು ಕಂಡು ತೆರೆದರು, ಸಂಪು ತುಂಬಿತು. ಮೇಲಿನ ಜೋಡು ವಾಲ್ವನ್ನು ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇಲ್ಲಿಂದ ಮುಂದಿನದು ಈ ಪ್ರಕರಣದ ನಿಜವಾದ ತೊಡಕು. ಪಂಪ್ ವಾಪಸ್ ಬಂದ ಮೊದಲೆರಡು ದಿನ ಅಡುಗೆಮನೆಯ ನೀರಿನಲ್ಲಿ ಸೋಪು ನೊರೆ ಬರುತ್ತಿರಲಿಲ್ಲ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂರುತ್ತಿತ್ತು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿದರೆ 640. ಈ ಮನೆಯ ಸಂಪಿನ ನೀರು 180 ತೋರಿಸುತ್ತದೆ, ಬೋರ್ ನೀರು 1,100. ಅಂದರೆ ಟ್ಯಾಂಕಿನಲ್ಲಿದ್ದದ್ದು ಹೆಚ್ಚುಕಡಿಮೆ ಅರ್ಧಕ್ಕರ್ಧ ಮಿಶ್ರಣ. ವಾರ ಕಳೆಯುವಷ್ಟರಲ್ಲಿ ಅದು 200ಕ್ಕೆ ಇಳಿಯಿತು. ನೀರು ಸರಿಹೋಯಿತೆಂದು ಎಲ್ಲರೂ ಸುಮ್ಮನಾದರು. ಆದರೆ ಇಳಿದದ್ದು ಯಾಕೆ? ಎರಡು ಟ್ಯಾಂಕಿನ ತಳ ಜೋಡಿಕೊಂಡಿದ್ದರೆ ಎರಡರ ಮಟ್ಟವೂ ಒಂದೇ ಆಗುತ್ತದೆ. ಕಾವೇರಿ ಪಂಪ್ ಆಟೋದಲ್ಲಿ ತಾನಾಗಿ ತುಂಬಿಸುತ್ತಿದ್ದುದರಿಂದ ಬೋರ್ ಟ್ಯಾಂಕ್ ಬರಿದಾಗಲೇ ಇಲ್ಲ, ಬೋರ್ ಮೋಟಾರನ್ನು ಯಾರೂ ಹಾಕಲಿಲ್ಲ. ಫ್ಲಶ್‌ಗೂ ಬಟ್ಟೆಗೂ ಗಿಡಕ್ಕೂ ಕಾವೇರಿ ನೀರೇ ಹೋಗುತ್ತಿತ್ತು. ನಲ್ಲಿಯ ನೀರು ಚೆನ್ನಾದಷ್ಟೂ ಸಂಪು ಬೇಗ ಬರಿದಾಗುತ್ತಿತ್ತು.

ಇದನ್ನು ಹಿಡಿದದ್ದು ಎರಡು ಅಳತೆಗಳು. ಒಂದು, ಟ್ಯಾಂಕ್ ತುಂಬುವ ಸಮಯ. ಈ ಮನೆಯಲ್ಲಿ ಆಟೋ ಮೋಟಾರ್ ಟ್ಯಾಂಕ್ ಕಾಲುಭಾಗಕ್ಕೆ ಇಳಿದಾಗ ಹೊರಟು ತುಂಬಿದಾಗ ನಿಲ್ಲುತ್ತದೆ. ಆ 750 ಲೀಟರಿಗೆ 18 ನಿಮಿಷ ಬೇಕು, ಅಂದರೆ ನಿಮಿಷಕ್ಕೆ ಸುಮಾರು 42 ಲೀಟರ್. ಈಗ 36 ನಿಮಿಷ ಓಡುತ್ತಿತ್ತು. ಸರಿಯಾಗಿ ಎರಡರಷ್ಟು, ಯಾಕೆಂದರೆ ತುಂಬುತ್ತಿದ್ದದ್ದು ಎರಡು ಟ್ಯಾಂಕು.

ಎರಡನೆಯದು ಸಂಪಿನ ಕೋಲು. ಈ ಸಂಪಿನ ಒಳಅಳತೆ ಉದ್ದ 2 ಮೀಟರ್, ಅಗಲ ಒಂದೂವರೆ, ಆಳ 2. ಒಟ್ಟು 6,000 ಲೀಟರ್. ಒಂದು ಸೆಂಟಿಮೀಟರ್ ಇಳಿದರೆ 30 ಲೀಟರ್ ಹೋಯಿತು ಎಂದು ಲೆಕ್ಕ. ಫುಟ್ ವಾಲ್ವ್‌ಗಿಂತ ಕೆಳಗಿನ 30 ಸೆಂಟಿಮೀಟರ್ ನೀರು ಕೈಗೆ ಸಿಗುವುದಿಲ್ಲ, ಮೇಲೆ 20 ಸೆಂಟಿಮೀಟರ್ ಖಾಲಿ ಇರುವಾಗಲೇ ಚೆಂಡಿನ ವಾಲ್ವ್ ಮುಚ್ಚುತ್ತದೆ. ಬಳಕೆಗೆ ಸಿಗುವುದು 4,500 ಲೀಟರ್. ಎರಡೂ ಮನೆ ಸೇರಿ ದಿನಕ್ಕೆ 700 ಲೀಟರ್ ಕಾವೇರಿ ನೀರು ಬಳಸುತ್ತವೆ, ಕೋಲಿನಲ್ಲಿ ಅದು 23 ಸೆಂಟಿಮೀಟರ್. ನೀರು ಬಾರದ ದಿನ ಅಳೆದಾಗ 40 ಸೆಂಟಿಮೀಟರ್ ಇಳಿದಿತ್ತು. ದಿನಕ್ಕೆ 1,200 ಲೀಟರ್! ತುಂಬಿದ ಸಂಪು ಆರು ದಿನ ಬರುವ ಬದಲು ನಾಲ್ಕು ದಿನವೂ ಬರುತ್ತಿರಲಿಲ್ಲ. ಜೋಡು ವಾಲ್ವ್ ಮುಚ್ಚಿದ ದಿನವೇ ಎರಡೂ ಲೆಕ್ಕ ಹಳೆಯ ಜಾಗಕ್ಕೆ ಬಂದವು.

ಈ ಸಂಖ್ಯೆಗಳು ಹಳೆಯ ಬಾಡಿಗೆದಾರರಿಗೆ ಗೊತ್ತಿದ್ದವು. ತಲೆಯಲ್ಲಿದ್ದವು, ಚೀಟಿಯಲ್ಲಿರಲಿಲ್ಲ. ಹಾಗಾಗಿ ಚೀಟಿಯನ್ನು ಹೊಸದಾಗಿ ಬರೆದದ್ದು ಸಾಮಾನಿನ ಪಟ್ಟಿಯಾಗಿ ಅಲ್ಲ, ನೀರು ಸಾಗುವ ದಾರಿಯ ಕ್ರಮದಲ್ಲಿ. ಪ್ರತಿ ವಾಲ್ವ್ ದಿನವೂ ಯಾವ ಸ್ಥಿತಿಯಲ್ಲಿರಬೇಕು, ಸರಿಯಿದೆ ಎನ್ನಲು ಗುರುತೇನು ಎಂಬುದರ ಸಮೇತ. ಅದರ ವಾಲ್ವ್ ಭಾಗ ಹೀಗಿದೆ:

"1. ಮೀಟರ್ ಪಕ್ಕದ ಚಕ್ರದ ವಾಲ್ವ್ — ಯಾವಾಗಲೂ ತೆರೆದಿರಲಿ. ಸಂಪು ತುಂಬಿದರೆ ಚೆಂಡು ತಾನೇ ಮುಚ್ಚುತ್ತದೆ, ನೀವು ಮುಚ್ಚಬೇಡಿ. ಸಂಪು ತೊಳೆಯುವಾಗ ಮಾತ್ರ ಮುಚ್ಚಿ, ಕೆಲಸದವರು ಗೇಟು ದಾಟುವ ಮೊದಲು ನೀವೇ ತೆರೆಯಿರಿ.

2. ಒಂದನೇ ಟ್ಯಾಂಕಿನ ಕೆಳಗೆ ನೀಲಿ ಬಿಲ್ಲೆಯ ಎರಡು ವಾಲ್ವ್ — ಒಂದು ನಿಮ್ಮ ಮನೆಗೆ, ಒಂದು ಮೇಲಿನ ಮನೆಗೆ. ತೆರೆದಿರಲಿ. ಮನೆಯೊಳಗೆ ನಲ್ಲಿ ಮುರಿದರೆ ನಿಮ್ಮದನ್ನು ಮುಚ್ಚಿ.

3. ಎರಡನೇ ಟ್ಯಾಂಕಿನ ಕೆಳಗೆ ಹಸಿರು ಬಿಲ್ಲೆ — ಬೋರ್ ನೀರು. ತೆರೆದಿರಲಿ.

4. ಎರಡು ಟ್ಯಾಂಕಿನ ನಡುವೆ ಕೆಂಪು ಬಿಲ್ಲೆ — ಯಾವಾಗಲೂ ಮುಚ್ಚಿರಲಿ. ತೆರೆಯಲೇಬೇಕಾದರೆ ತಾರೀಖನ್ನು ಈ ಚೀಟಿಯಲ್ಲಿ ಬರೆಯಿರಿ, ಅಡುಗೆಗೆ ಆ ನೀರು ಬೇಡ ಎಂದು ಮೇಲಿನ ಮನೆಯವರಿಗೂ ಹೇಳಿ.

5. ಪ್ರತಿ ಟ್ಯಾಂಕಿನ ತಳದಲ್ಲಿ ಮುಚ್ಚಳವಿರುವ ಗಿಡ್ಡ ಪೈಪ್ — ತೊಳೆದ ನೀರು ಬಿಡಲು. ಮುಟ್ಟಬೇಡಿ."

ಟೆರೇಸಿನವು ಹಿಡಿಯಿರುವ ಬಾಲ್ ವಾಲ್ವ್‌ಗಳು. ಹಿಡಿ ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಪೈಪಿಗೆ ಅಡ್ಡ ನಿಂತಿದ್ದರೆ ಮುಚ್ಚಿದೆ. ಬಿಸಿಲಿಗೆ ಪಿವಿಸಿ ಹಿಡಿ ಒಣಗಿ ಪೆಡಸಾಗಿರುತ್ತದೆ, ಎರಡು ಕೈಯಲ್ಲಿ ನಿಧಾನವಾಗಿ ತಿರುಗಿಸಬೇಕು. ಬರದಿದ್ದರೆ ಸ್ಪ್ಯಾನರ್ ಹಾಕಿ ಬಲ ಪ್ರಯೋಗಿಸಬಾರದು. ಹಿಡಿ ಮುರಿದರೆ ಹೋಗಲಿ ಎನ್ನಬಹುದು, ಟ್ಯಾಂಕಿನ ಬುಡದಲ್ಲಿ ಪೈಪೇ ಮುರಿದರೆ ಇಡೀ ಟ್ಯಾಂಕ್ ಟೆರೇಸಿಗೆ ಸುರಿಯುತ್ತದೆ. ಮೀಟರ್ ಪಕ್ಕದ ಗೇಟ್ ವಾಲ್ವನ್ನು ನೋಡಿದರೆ ತೆರೆದಿದೆಯೋ ಮುಚ್ಚಿದೆಯೋ ತಿಳಿಯುವುದಿಲ್ಲ, ಅದರ ತೊಂದರೆಯೇ ಅದು. ಪೂರ್ತಿ ತೆರೆದು ಅರ್ಧ ಸುತ್ತು ಹಿಂದಕ್ಕೆ ತಂದು ಬಿಟ್ಟರೆ ಹಿಡಿದುಕೊಳ್ಳುವುದಿಲ್ಲ. ನಿಜವಾಗಿ ತೆರೆದಿದೆ ಎನ್ನಲು ಒಂದೇ ಸಾಕ್ಷಿ, ನೀರು ಬರುವ ದಿನ ಮೀಟರಿನ ಕೆಂಪು ಮುಳ್ಳು ತಿರುಗುವುದು. ಸಂಪು ತುಂಬಿದ ಮೇಲೂ ಅದು ತಿರುಗುತ್ತಿದ್ದರೆ ಚೆಂಡಿನ ವಾಲ್ವ್ ಸೋರುತ್ತಿದೆ, ನೀರು ಮೋರಿಗೆ ಹೋಗುತ್ತಿದೆ. ವಾಲ್ವ್ ತೆರೆದಿದ್ದೂ ಸರದಿ ದಿನ ಮೀಟರ್ ಅಲುಗದಿದ್ದರೆ ಅಕ್ಕಪಕ್ಕದ ಮನೆಯವರನ್ನು ಕೇಳಿ, ಬೀದಿಗೇ ಬಂದಿಲ್ಲವೆಂದಾದರೆ ಜಲಮಂಡಳಿಯ 1916ಕ್ಕೆ ಹೇಳಬೇಕು. ಬೀದಿ ಪೈಪಿಗೆ ಮೋಟಾರ್ ಕಟ್ಟಿ ಎಳೆಯುವುದು ಕಾನೂನುಬಾಹಿರ. ಅದೂ ಅಲ್ಲದೆ ಹಾಗೆ ಎಳೆದಾಗ ಪೈಪಿನ ಬಿರುಕುಗಳಿಂದ ಮೋರಿ ನೀರು ಒಳಗೆ ಹೀರಿಕೊಂಡು ಬರುತ್ತದೆ.

ಬಿಲ್ಲೆಗಳ ಬಗ್ಗೆ ಒಂದು ಮಾತು. ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಒಂದು ಬೇಸಿಗೆಗೆ ಅಳಿಸಿಹೋಗುತ್ತದೆ. ಅಲ್ಯೂಮಿನಿಯಂ ತಗಡಿಗೆ ಬಣ್ಣ ಬಳಿದು, ಮೊಳೆಯಲ್ಲಿ ಅಕ್ಷರ ಕೊರೆದು, ತಂತಿಯಲ್ಲಿ ಕಟ್ಟಿದ್ದು ಉಳಿಯುತ್ತದೆ.

ಮೋಟಾರಿನ ಭಾಗದಲ್ಲಿ ಹಳೆಯ ಚೀಟಿಯ ಎರಡನೇ ಸಾಲು ತಲೆಕೆಳಗಾಯಿತು: "ನೀರು ಬರದಿದ್ದರೆ ಮೊದಲು ಸಂಪಿನ ಮುಚ್ಚಳ ತೆಗೆದು ಕೋಲು ಇಳಿಸಿ. 40 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಮೋಟಾರ್ ಹಾಕಬೇಡಿ. ಹೆಚ್ಚಿದ್ದರೆ ಮಾತ್ರ ಮ್ಯಾನ್ಯುವಲ್. ಮುಳ್ಳು 6ಕ್ಕೆ ಬರಬೇಕು. ಒಂದು ನಿಮಿಷದಲ್ಲಿ ಬರದಿದ್ದರೆ ಆರಿಸಿ. ಬಂದರೆ ಫೋನಿನಲ್ಲಿ 18 ನಿಮಿಷದ ಅಲಾರಂ ಇಟ್ಟು ಪಕ್ಕದಲ್ಲೇ ಇರಿ. ಮುಗಿದ ಮೇಲೆ ಗುಂಡಿಯನ್ನು ಮತ್ತೆ ಆಟೋಗೆ ತನ್ನಿ."

ಸಂಪಿನಲ್ಲಿ ನೀರಿದ್ದೂ ಮುಳ್ಳು ಕೆಳಗೇ ನಿಂತರೆ ಹೀರುವ ಪೈಪಿನ ನೀರು ಇಳಿದುಹೋಗಿದೆ ಎಂದರ್ಥ. ಫುಟ್ ವಾಲ್ವ್ ಒಂದು ಕಡೆಗೆ ಮಾತ್ರ ತೆರೆಯುವ ಬಾಗಿಲು; ಅದರ ತುಟಿಗೆ ಮರಳೋ ಎಲೆಯ ಚೂರೋ ಸಿಕ್ಕಿಕೊಂಡರೆ ರಾತ್ರಿಯಿಡೀ ನೀರು ಸಂಪಿಗೆ ವಾಪಸ್ ಜಾರುತ್ತದೆ. ಎಂಸಿಬಿ ಆರಿಸಿ, ಪಂಪಿನ ತಲೆಯ ಮೇಲಿನ ಹಿತ್ತಾಳೆ ಬಿರಡೆ ಬಿಚ್ಚಿ, ಮಗ್ಗಿನಲ್ಲಿ ನೀರು ಹುಯ್ಯಬೇಕು. ಒಂದು ಬಕೆಟ್ಟಿನೊಳಗೆ ತುಂಬಿ ಬಾಯಿಮಟ್ಟಕ್ಕೆ ನಿಂತರೆ ಬಿರಡೆ ಬಿಗಿದು ಮೋಟಾರ್ ಹಾಕಬಹುದು. ಹುಯ್ದಷ್ಟೂ ಇಳಿಯುತ್ತಲೇ ಇದ್ದರೆ ಅದು ಪ್ಲಂಬರ್ ಕೆಲಸ, ಫುಟ್ ವಾಲ್ವ್ ಮೇಲೆತ್ತಿ ತೊಳೆಯಬೇಕು ಇಲ್ಲವೇ ಬದಲಿಸಬೇಕು. ದಿನಕ್ಕೆರಡು ಬಾರಿ ನೀರು ಹುಯ್ದು ನಡೆಸುವವರೂ ಇದ್ದಾರೆ. ಒಂದು ದಿನ ಹುಯ್ಯಲು ಮರೆಯುತ್ತಾರೆ, ಸೀಲ್ ಹೋಗುತ್ತದೆ. 18 ನಿಮಿಷ ದಿನದಿಂದ ದಿನಕ್ಕೆ 20, 23 ಎಂದು ನಿಧಾನವಾಗಿ ಬೆಳೆದರೆ ಫುಟ್ ವಾಲ್ವಿನ ಜಾಲರಿ ಕಟ್ಟುತ್ತಿದೆ, ಅಥವಾ ಹೀರುವ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆ. ವೋಲ್ಟೇಜ್ 200ಕ್ಕಿಂತ ಕೆಳಗಿದ್ದ ಹೊತ್ತಿನ ಲೆಕ್ಕವನ್ನು ಇದಕ್ಕೆ ಸೇರಿಸಬಾರದು.

ಆಟೋದ ಕಡ್ಡಿಗಳು ಕೆಡುವ ಬಗೆ ಎರಡು. ಕಡ್ಡಿಗೆ ಬಿಳಿ ಪೊರೆ ಕಟ್ಟಿದರೆ ಅಥವಾ ತಂತಿ ಕಡಿದರೆ ನೀರಿದ್ದರೂ ಇಲ್ಲ ಎನ್ನುತ್ತದೆ. ಸಂಪಿನ ಕಡ್ಡಿ ಹಾಗೆಂದರೆ ಮೋಟಾರ್ ಹೊರಡುವುದಿಲ್ಲ, ನಷ್ಟವಿಲ್ಲ. ಮೇಲಿನ ಟ್ಯಾಂಕಿನ ಕಡ್ಡಿ ಹಾಗೆಂದರೆ ತುಂಬಿದ ಮೇಲೂ ಮೋಟಾರ್ ನಿಲ್ಲುವುದಿಲ್ಲ, ಸಂಪು ಬರಿದಾಗುವವರೆಗೆ ನೀರು ಟೆರೇಸಿನಿಂದ ಸುರಿಯುತ್ತದೆ. ಇನ್ನೊಂದು ಬಗೆಯಲ್ಲಿ, ಪಾಚಿಯೋ ತೇವವೋ ಕಡ್ಡಿಗಳ ತಲೆಯನ್ನು ಒಂದಕ್ಕೊಂದು ಸೇರಿಸಿ, ಬರಿದಾದ ಟ್ಯಾಂಕನ್ನು ತುಂಬಿದೆ ಎನ್ನುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಮೋಟಾರ್ ತಾನಾಗಿ ಹೊರಟು ತಾನಾಗಿ ನಿಲ್ಲುವವರೆಗೆ ಗಡಿಯಾರ ಹಿಡಿದು ನೋಡಬೇಕು. ಆರು ತಿಂಗಳಿಗೊಮ್ಮೆ ಎಂಸಿಬಿ ಆರಿಸಿ, ಕಡ್ಡಿ ಮೇಲೆತ್ತಿ, ವಿನೆಗರ್ ಬಟ್ಟೆಯಲ್ಲಿ ಒರೆಸಿ ತೊಳೆದು ಅದೇ ಉದ್ದಕ್ಕೆ ಇಳಿಬಿಡಬೇಕು.

ನೀರಿನ ಪರೀಕ್ಷೆಯನ್ನು ಹೊಸ ಚೀಟಿ ಚಿಕ್ಕದಾಗಿಯೇ ಇಟ್ಟಿದೆ, ಯಾಕೆಂದರೆ ಉದ್ದವಾದರೆ ಯಾರೂ ಮಾಡುವುದಿಲ್ಲ. ಭಾನುವಾರ ಬೆಳಿಗ್ಗೆ ಕೋಲು ಇಳಿಸಿ ಮಟ್ಟ ಬರೆಯುವುದು, ಮೀಟರ್ ರೀಡಿಂಗ್ ಬರೆಯುವುದು, ಅಡುಗೆಮನೆ ನಲ್ಲಿಯ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು ನೋಡಿ ಮೂಸುವುದು, ಟಿಡಿಎಸ್ ನೋಡುವುದು. ಟಿಡಿಎಸ್ ಮೀಟರಿಂದ ನೀರು ಒಳ್ಳೆಯದೋ ಕೆಟ್ಟದ್ದೋ ತಿಳಿಯದು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ನೀರಿಲ್ಲದಿದ್ದರೆ 2,000ವರೆಗೆ. ಮೋರಿ ನೀರು ಬೆರೆತರೂ 300 ತೋರಿಸಬಹುದು. ಈ ಮನೆಯಲ್ಲಿ ಆ ಮೀಟರಿನ ಕೆಲಸ ಒಂದೇ: 180 ಇರಬೇಕಾದಲ್ಲಿ 300 ಆದರೆ ಮೇಲೆ ಹೋಗಿ ಕೆಂಪು ಬಿಲ್ಲೆ ನೋಡುವುದು.

ಸುರಕ್ಷತೆಯ ಸುಳಿವು ಕೊಡುವುದು ಕ್ಲೋರಿನ್. ಅಂಗಡಿಯಲ್ಲಿ ಸಿಗುವ ಹನಿ ಪರೀಕ್ಷೆಯಲ್ಲಿ ನೀರು ಹಳದಿಗೆ ತಿರುಗಬೇಕು, ಬಣ್ಣದ ಪಟ್ಟಿಯಲ್ಲಿ ಕನಿಷ್ಠ 0.2 ಇರಬೇಕು. ಬೀದಿಯಿಂದ ಬರುವಾಗ ಇದ್ದ ಕ್ಲೋರಿನ್ ಸಂಪಿನಲ್ಲಿ ದಿನಗಟ್ಟಲೆ ನಿಂತರೆ ಕರಗಿಹೋಗುತ್ತದೆ, ಹಾಗಾಗಿ ನೀರು ಬರುವ ದಿನ ಸಂಪಿನ ಬಾಯಲ್ಲೂ ಅಡುಗೆಮನೆಯಲ್ಲೂ ನೋಡಬೇಕು. ಬಾಯಲ್ಲಿದ್ದು ಒಳಗಿಲ್ಲದಿದ್ದರೆ ಸಂಪಿನ ತಳದ ಕೆಸರು ಅದನ್ನು ತಿನ್ನುತ್ತಿದೆ, ತೊಳೆಸುವ ಕಾಲ ಬಂದಿದೆ. ಅಲ್ಲಿಯವರೆಗೆ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಲೆಕ್ಕ. ತುಂಬಿದ ಸಂಪಿಗೆ 13 ಗ್ರಾಂ ಸಾಕು, ತೂಕ ಮಾಡಿಯೇ ಹಾಕಬೇಕು. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸಂಪಿಗೆ ಹುಯ್ದು, ಒಂದು ಗಂಟೆ ಮೋಟಾರನ್ನು ಆಟೋದಿಂದ ತೆಗೆದು ಆರಿಸಿಡಬೇಕು. ಡಬ್ಬ ತೆರೆದು ತಿಂಗಳುಗಳಾದ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ.

ಸಂಪಿನೊಳಗೆ ಬಾಡಿಗೆದಾರರು ಇಳಿಯಬಾರದು ಎಂಬುದು ಚೀಟಿಯಲ್ಲಿ ಕೆಂಪು ಅಕ್ಷರದಲ್ಲಿದೆ. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು, ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಸಾಯುತ್ತಾರೆ. ಬಿದ್ದ ಮಗ್ಗು ಬಿದ್ದೇ ಇರಲಿ. ಮುಚ್ಚಳಕ್ಕೆ ಬೀಗ, ಬೀಗದ ಕೈ ಸ್ಟಾರ್ಟರ್ ಡಬ್ಬದ ಒಳಗೆ.

ಚೀಟಿಯ ಹಿಂಬದಿ ಖಾಲಿ ಬಿಟ್ಟು ಐದು ಕಾಲಂ ಗೀಟು ಹಾಕಲಾಗಿದೆ: ತಾರೀಖು, ಸಂಪಿನ ಮಟ್ಟ, ಮೀಟರ್, ತುಂಬಿದ ನಿಮಿಷ, ಟಿಡಿಎಸ್. ಮೊದಲ ಸಾಲನ್ನು ಬಿಟ್ಟುಹೋಗುವವರೂ ಬರುವವರೂ ಒಟ್ಟಿಗೆ ನಿಂತು ತುಂಬಬೇಕು. ಕೋಲು ಇಳಿಸಿ, ಮೋಟಾರ್ ಓಡಿಸಿ, ಮೇಲೆ ಹೋಗಿ ಕೆಂಪು ಬಿಲ್ಲೆಯ ಹಿಡಿ ಅಡ್ಡ ಇದೆಯೇ ಎಂದು ಕೈ ಮುಟ್ಟಿ ನೋಡಿ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ, ಅದರಲ್ಲಿ 18 ನಿಮಿಷ ಟ್ಯಾಂಕ್ ತುಂಬುವುದಕ್ಕೇ ಹೋಗುತ್ತದೆ.